ಚಾಟ್‌ಬಾಟ್‌ನ ಕ್ಯಾಲೆಂಡರ್ ಎಲ್ಲಿಗೆ ನಿಂತಿದೆ?

ವರ್ಷಕ್ಕೆ 12 ಲಕ್ಷ ರೂಪಾಯಿ ಸಂಬಳದ ನೌಕರರೊಬ್ಬರು, ಹೊಸ ಪದ್ಧತಿಯಲ್ಲಿ ತಮಗೆಷ್ಟು ಆದಾಯ ತೆರಿಗೆ ಬೀಳುತ್ತದೆ ಎಂದು ಚಾಟ್‌ಬಾಟನ್ನು ಕೇಳಿದರು ಎಂದಿಟ್ಟುಕೊಳ್ಳಿ. ಅದು 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಉಳಿದ 11.25 ಲಕ್ಷಕ್ಕೆ ಹಂತಹಂತವಾಗಿ ಲೆಕ್ಕ ಹಾಕಿ, ಸೆಸ್ ಸೇರಿಸಿ 71,500 ರೂಪಾಯಿ ಎನ್ನುತ್ತದೆ. ಕೂಡುವುದರಲ್ಲಿ, ಕಳೆಯುವುದರಲ್ಲಿ ಒಂದು ರೂಪಾಯಿ ತಪ್ಪಿಲ್ಲ. ಆದರೆ ಆ ದರಗಳು 2024-25ನೇ ಸಾಲಿನವು. 2025ರ ಫೆಬ್ರವರಿ 1ರ ಬಜೆಟ್ ಹಂತಗಳನ್ನು ಬದಲಿಸಿ, 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ರಿಯಾಯಿತಿ ಕೊಟ್ಟಿತು. 2025-26ರಲ್ಲಿ ಅದೇ ಸಂಬಳಕ್ಕೆ ಕಟ್ಟಬೇಕಾದ ತೆರಿಗೆ ಸೊನ್ನೆ.

ಇಂಥ ತಪ್ಪಿನ ಮೂಲ ಚಾಟ್‌ಬಾಟ್ ತಯಾರಾಗುವ ರೀತಿಯಲ್ಲೇ ಇದೆ. ಅದರೊಳಗಿನ ಭಾಷಾ ಮಾದರಿಗೆ ಒಂದು ದಿನಾಂಕದವರೆಗೆ ಕಲೆಹಾಕಿದ ಬರಹಗಳನ್ನು ಓದಿಸಿ ತರಬೇತಿ ಕೊಡುತ್ತಾರೆ. ಆ ಗಡುವಿಗೆ 'ನಾಲೆಜ್ ಕಟ್‌ಆಫ್' ಎಂದು ಹೆಸರು. ತರಬೇತಿ ಮುಗಿದ ಮೇಲೆ ತಿದ್ದುವ, ಪರೀಕ್ಷಿಸುವ ಕೆಲಸಕ್ಕೆ ಮತ್ತೆ ತಿಂಗಳುಗಳು ಹಿಡಿಯುತ್ತವೆ. ಹೀಗಾಗಿ ನಮ್ಮ ಕೈಗೆ ಬರುವಾಗಲೇ ಅದರ ತಿಳಿವಳಿಕೆ ಹಳತು. 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯ ತಿಳಿವಳಿಕೆ 2021ರ ಸೆಪ್ಟೆಂಬರ್ ಹೊತ್ತಿಗೇ ನಿಂತಿತ್ತು. ಆಮೇಲಿನ ಮಾದರಿಗಳ ಗಡುವು ಮುಂದೆ ಸರಿದಿದೆಯೇ ಹೊರತು ಯಾವುದೂ ಇಂದಿನವರೆಗೆ ಬಂದು ಮುಟ್ಟಿಲ್ಲ.

ಆ ಗಡುವು ಗೆರೆ ಎಳೆದಷ್ಟು ಸ್ಪಷ್ಟವೂ ಅಲ್ಲ. ಬಜೆಟ್ ಬಂದ ವಾರ ಅದರ ಬಗ್ಗೆ ಒಂದಷ್ಟು ಸುದ್ದಿ ಬರುತ್ತದೆ. ವಿವರಣೆ, ಪ್ರಶ್ನೋತ್ತರ, ಉದಾಹರಣೆಗಳು ತುಂಬಿಕೊಳ್ಳುವುದು ಮುಂದಿನ ಎರಡು ಮೂರು ವರ್ಷಗಳಲ್ಲಿ. ಆದ್ದರಿಂದ ಗಡುವಿಗೆ ಹತ್ತಿರದ ತಿಂಗಳುಗಳ ವಿಷಯ ಮಾದರಿಗೆ ಮಸುಕು ಮಸುಕು. ಹಳೆಯ ದರಗಳು ಮಾತ್ರ ಸಾವಿರ ಸಲ ಓದಿ ಬಾಯಿಪಾಠ. ತನ್ನ ಗಡುವು ಯಾವುದೆಂದು ಕೇಳಿದರೂ ಅದು ತಪ್ಪು ಹೇಳುವುದುಂಟು. ಇವತ್ತಿನ ತಾರೀಖು ಕೂಡ ಯಾರಾದರೂ ತಿಳಿಸಿದರಷ್ಟೇ ಅದಕ್ಕೆ ಗೊತ್ತು.

ನೇರ ಉಪಾಯವೆಂದರೆ ಬೇಕಾದ ಪಠ್ಯವನ್ನು ನಾವೇ ಅದರ ಮುಂದಿಡುವುದು. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ದರಪಟ್ಟಿ, ಅದರ ಕೆಳಗಿನ ರಿಯಾಯಿತಿಯ ಷರತ್ತು, ಯಾವ ಸಾಲಿಗೆಂಬ ಶೀರ್ಷಿಕೆ ಮೂರನ್ನೂ ನಕಲಿಸಿ ಚಾಟ್‌ನಲ್ಲಿ ಅಂಟಿಸಬೇಕು. ಪಟ್ಟಿ ಮಾತ್ರ ಅಂಟಿಸಿ ಷರತ್ತು ಬಿಟ್ಟರೆ ಲೆಕ್ಕ ಮತ್ತೆ ಕೆಡುತ್ತದೆ: 2025-26ರ ದರದಲ್ಲಿ 11.25 ಲಕ್ಷಕ್ಕೆ 52,500 ರೂಪಾಯಿ ಬರುತ್ತದೆ, ಅದನ್ನು ಸೊನ್ನೆಗಿಳಿಸುವುದು 60 ಸಾವಿರದವರೆಗಿನ ಆ ರಿಯಾಯಿತಿಯೇ. ಪಠ್ಯದ ಕೆಳಗೆ ಹೀಗೆ ಬರೆಯಬಹುದು: 'ಮೇಲಿನ ಪಠ್ಯವನ್ನಷ್ಟೇ ಆಧರಿಸಿ ಉತ್ತರಿಸು. ಯಾವ ವಾಕ್ಯದಿಂದ ತೆಗೆದುಕೊಂಡೆ ಎಂದು ತೋರಿಸು. ಅದರಲ್ಲಿ ಇಲ್ಲದ್ದನ್ನು ಇಲ್ಲ ಎನ್ನು.' ವಾಕ್ಯ ಕೇಳುವುದು ಸುಮ್ಮನೆ ಅಲ್ಲ. ಅದು ತೋರಿಸಿದ ಸಾಲು ನಾವು ಅಂಟಿಸಿದ್ದರಲ್ಲಿ ಸಿಗದಿದ್ದರೆ ಉತ್ತರ ನೆನಪಿನಿಂದ ಬಂದಿದೆ ಎಂದೇ ಅರ್ಥ. ಹೀಗೆ ಅಂಟಿಸಿದ್ದರಿಂದ ಮಾದರಿ ಹೊಸದಾಗಿ ಕಲಿತಂತೆಯೂ ಆಗುವುದಿಲ್ಲ. ಬೇರೆಯವರು ಅದೇ ಪ್ರಶ್ನೆ ಕೇಳಿದರೆ ಹಳೆಯ ದರಕ್ಕೇ ಮರಳಬಹುದು.

ಕನ್ನಡದವರಿಗೆ ಇಲ್ಲೊಂದು ವಿಶೇಷ ಕಾಟವಿದೆ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಸರ್ಕಾರಿ ಆದೇಶಗಳ ಪಿಡಿಎಫ್ ಕಣ್ಣಿಗೆ ಅಚ್ಚ ಕನ್ನಡ. ನಕಲಿಸಿ ಅಂಟಿಸಿದರೆ 'ಕರ್ನಾಟಕ' ಇದ್ದಲ್ಲಿ `PÀ£ÁðlPÀ` ಎಂದು ಬೀಳುತ್ತದೆ. ಇದನ್ನು ಹಾಗೇ ಕೊಟ್ಟರೆ ಚಾಟ್‌ಬಾಟ್ ಅಂದಾಜಿನ ಮೇಲೆ ಓದಿ ಏನೋ ಹೇಳೀತು. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಪುಟದ ಸ್ಕ್ರೀನ್‌ಶಾಟ್ ಕೊಟ್ಟು ಅಂಕಿಗಳನ್ನು ಕಣ್ಣಾರೆ ಹೋಲಿಸಬೇಕು.

ಇನ್ನೊಂದು ದಾರಿ ಹುಡುಕಾಟ. ಚಾಟ್‌ಬಾಟೇ ಜಾಲದಲ್ಲಿ ಹುಡುಕಿ, ಕೆಲವು ಪುಟಗಳ ಪಠ್ಯವನ್ನು ತಾನೇ ತನ್ನ ಮುಂದೆ ಅಂಟಿಸಿಕೊಂಡು ಉತ್ತರಿಸುತ್ತದೆ. ಉತ್ತರದಲ್ಲಿ ಕೊಂಡಿಗಳಿಲ್ಲದಿದ್ದರೆ ಅದು ಬಹುಶಃ ಹುಡುಕಿಯೇ ಇಲ್ಲ. ಕೊಂಡಿಗಳಿದ್ದರೂ ಒಂದನ್ನಾದರೂ ತೆರೆದು ಅದು ಯಾರ ಪುಟ, ಯಾವ ತಾರೀಖಿನದು ಎಂದು ನೋಡಬೇಕು.

ಹುಡುಕಾಟಕ್ಕೆ ಹೊಸತರ ಮೋಹವೂ ಇದೆ. ನಮ್ಮ ನೌಕರರು 2025ರ ಜುಲೈನಲ್ಲಿ ರಿಟರ್ನ್ ಸಲ್ಲಿಸಲು ಕೂತು 'ಈಗಿನ ತೆರಿಗೆ ಎಷ್ಟು' ಎಂದಷ್ಟೇ ಕೇಳಿದ್ದರೆ, ಅದು ತಾಜಾ ಸುದ್ದಿ ತೆಗೆದು ಸೊನ್ನೆ ಎಂದೀತು. ಆದರೆ ಆ ರಿಟರ್ನ್ 2024-25ರ ಆದಾಯಕ್ಕೆ ಸಂಬಂಧಿಸಿದ್ದು. ಅದಕ್ಕೆ ಹಳೆಯ ದರವೇ ಅನ್ವಯ, ಕಟ್ಟಬೇಕಾದದ್ದು 71,500 ರೂಪಾಯಿ.