ಮೈಲೇಜೋ, ರಿಪೇರಿಯೋ

ಹಳೆಯ ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಕೆಟ್ಟು ನಿಂತರೆ ಪೆಟ್ರೋಲ್ ಕಾರಿಗಿಂತ ಹೆಚ್ಚು ದುಡ್ಡನ್ನೂ ನುಂಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರ ಜಗಳ ಹೆಚ್ಚಾಗಿ ಇಲ್ಲಿಂದಲೇ ಶುರು. ಮೈಸೂರಿನ ಇಬ್ಬರು ಗೆಳೆಯರ ಕಥೆಯನ್ನೇ ಕಲ್ಪಿಸಿಕೊಳ್ಳಿ. ಅವರ ಮುಂದಿರುವುದು ಒಂದೇ ಮಾದರಿಯ, 2015ರ ಎರಡು ಸಣ್ಣ ಕಾರುಗಳು. ಡೀಸೆಲ್ ಕಾರಿಗೆ 40,000 ರೂಪಾಯಿ ಜಾಸ್ತಿ.

“ಇಪ್ಪತ್ತು ಕೊಡುತ್ತೆ ಕಣೋ. ಪೆಟ್ರೋಲ್ ಗಾಡಿ ಹದಿನೈದು ದಾಟಲ್ಲ.”

“ಇಂಜೆಕ್ಟರ್ ಕೈಕೊಟ್ಟರೆ ಯಾರಪ್ಪನ ಮನೆ ದುಡ್ಡೋ?”

ಇಬ್ಬರ ಮಾತೂ ನಿಜ. ತೀರ್ಪು ಸಿಗುವುದು ತಿಂಗಳಿಗೆ ಎಷ್ಟು ಓಡಾಟ ಎಂಬುದರಲ್ಲಿ. ಪೆಟ್ರೋಲಿಗೆ 103, ಡೀಸೆಲಿಗೆ 91 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಸುಮಾರು 2 ರೂಪಾಯಿ 30 ಪೈಸೆ ಉಳಿತಾಯ. ಆಫೀಸು, ಮನೆ, ಸಂತೆ ಎಂದು ತಿಂಗಳಿಗೆ 600 ಕಿಲೋಮೀಟರ್ ಓಡಿಸಿದರೆ ಉಳಿಯುವುದು 1,400 ರೂಪಾಯಿಗಿಂತ ತುಸು ಕಡಿಮೆ. ಮೊದಲು ಕೊಟ್ಟ 40,000 ವಾಪಸ್ ಬರಲು ಎರಡು ವರ್ಷ ದಾಟುತ್ತದೆ. 1,500 ಕಿಲೋಮೀಟರ್ ಓಡಿಸುವವರಿಗೆ ಅದು ಒಂದು ವರ್ಷದೊಳಗೇ ಕೈಸೇರುತ್ತದೆ.

ಕಡಿಮೆ ಓಡಾಟದಲ್ಲಿ ಇನ್ನೊಂದು ತೊಡಕಿದೆ. ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ. ಎಳೆತ ಕುಂದುತ್ತದೆ, ಕಪ್ಪು ಹೊಗೆ ಬರುತ್ತದೆ. ಅದನ್ನಾದರೂ ಬಿಚ್ಚಿ ತೊಳೆಯಬಹುದು. ಇಂಜೆಕ್ಟರ್‌ಗಳೋ ಟರ್ಬೊವೋ ಹೋದರೆ ವರ್ಷಗಟ್ಟಲೆಯ ಉಳಿತಾಯ ಒಂದೇ ಬಿಲ್ಲಿಗೆ ಮುಗಿಯಬಹುದು.

ಆದರೆ ಇದು ಲೆಕ್ಕದ ಮಾತಾಯಿತು; ಕೊಳ್ಳುವುದು ಎದುರಿಗಿರುವ ಕಾರನ್ನು. ಗೆಳೆಯರು ಡೀಸೆಲ್ ಕಾರು ನೋಡಲು ಹೋದಾಗ ಬಾನೆಟ್ ಆಗಲೇ ಬೆಚ್ಚಗಿತ್ತು. ಮುಂಚೆಯೇ ಸ್ಟಾರ್ಟ್ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಮರುದಿನ ಬೆಳಿಗ್ಗೆ, ತಣ್ಣಗಿದ್ದಾಗ, ಕೀ ತಿರುಗಿಸಿದರೆ ಹತ್ತು ಸೆಕೆಂಡ್ ಗರಗರ ಎಂದು ಹೊತ್ತಿಕೊಂಡಿತು. ಹಿಂದೆ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ. ಗ್ಲೋ ಪ್ಲಗ್ ಹೋಗಿದ್ದರೆ ಸಣ್ಣ ಖರ್ಚು, ಇಂಜೆಕ್ಟರ್ ಸೋರುತ್ತಿದ್ದರೆ ದೊಡ್ಡದು. ಮೆಕ್ಯಾನಿಕ್ ಬಿಚ್ಚಿ ನೋಡದೆ ಯಾವುದೆಂದು ಹೇಳಲಾಗದು, ಮಾರುವವನೋ ಬಿಚ್ಚಲು ಒಪ್ಪಲಿಲ್ಲ.

ಪೆಟ್ರೋಲ್ ಕಾರೂ ಅಪರಂಜಿಯಲ್ಲ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿತು, ವೇಗ ಏರಲಿಲ್ಲ. ಕ್ಲಚ್ ಸವೆದಿದೆ ಎಂಬುದಕ್ಕೆ ಇದು ಗುರುತು. ಆದರೆ ಕ್ಲಚ್ ಹಾಕಿಸಲು ಎಷ್ಟಾಗುತ್ತದೆ ಎಂದು ಯಾವ ಗ್ಯಾರೇಜಿನವರೂ ಮೊದಲೇ ಹೇಳುತ್ತಾರೆ. ತಿಂಗಳಿಗೆ 600 ಕಿಲೋಮೀಟರ್ ದಾಟದ ಗೆಳೆಯರು ಆ ಮೊತ್ತವನ್ನು ಬೆಲೆಯಲ್ಲಿ ಮುರಿಸಿಕೊಂಡು ಪೆಟ್ರೋಲ್ ಕಾರಿಗೇ ಅಡ್ವಾನ್ಸ್ ಕೊಟ್ಟರು.