ತೊಗರಿಯ ಎಲೆಯಲ್ಲಿ ದ್ಯುತಿ ಉಸಿರಾಟ

ನಾರಾಯಣಖೇಡ್, ತಾಂಡೂರು ಭಾಗದಲ್ಲಿ ತೊಗರಿ ಮತ್ತು ಜೋಳ ಎರಡೂ ಪರಿಚಿತ ಬೆಳೆಗಳು. ಆದರೆ ಸುಡುಬಿಸಿಲಿನಲ್ಲಿ ಇವೆರಡರ ಎಲೆಗಳು ಇಂಗಾಲವನ್ನು ಒಂದೇ ರೀತಿಯಲ್ಲಿ ಉಳಿಸಿಕೊಳ್ಳುವುದಿಲ್ಲ.

ಕ್ಲೋರೋಪ್ಲಾಸ್ಟಿನ ಸ್ಟ್ರೋಮಾದಲ್ಲಿರುವ ರುಬಿಸ್ಕೋ ಎಂಬ ಕಿಣ್ವವು ಐದು ಇಂಗಾಲಗಳ ಆರ್‌ಯುಬಿಪಿ ಅಣುವಿಗೆ ಇಂಗಾಲದ ಡೈಆಕ್ಸೈಡನ್ನು ಸೇರಿಸುತ್ತದೆ. ಹೀಗಾದ ಆರು ಇಂಗಾಲಗಳ ಅಣು ಒಡನೆಯೇ ಒಡೆದು, ಮೂರು ಇಂಗಾಲಗಳ ಎರಡು ಪಿಜಿಎ ಅಣುಗಳಾಗುತ್ತದೆ. ಇವುಗಳಿಂದಲೇ ಸಕ್ಕರೆ ರೂಪುಗೊಳ್ಳುತ್ತದೆ.

ಆದರೆ ರುಬಿಸ್ಕೋದ ಕ್ರಿಯಾಸ್ಥಾನದಲ್ಲಿ ಆಮ್ಲಜನಕವೂ ಸ್ಪರ್ಧಿಸುತ್ತದೆ. ಅದು ಸೇರಿದಾಗ ಒಂದೇ ಪಿಜಿಎ ದೊರೆತು, ಉಳಿದ ಎರಡು ಇಂಗಾಲಗಳು ಫಾಸ್ಫೋಗ್ಲೈಕೋಲೇಟ್ ಆಗುತ್ತವೆ. ಅಂಥ ಎರಡು ಅಣುಗಳ ನಾಲ್ಕು ಇಂಗಾಲಗಳಲ್ಲಿ ಮೂರು ಮಾತ್ರ ಪಿಜಿಎ ಆಗಿ ಮರಳುತ್ತವೆ. ಒಂದು ಇಂಗಾಲದ ಡೈಆಕ್ಸೈಡಾಗಿ ಹೊರಬೀಳುತ್ತದೆ. ಇದೇ ದ್ಯುತಿ ಉಸಿರಾಟ. ಸಾಮಾನ್ಯ ಉಸಿರಾಟವು ಎಟಿಪಿಯನ್ನು ಒದಗಿಸಿದರೆ, ಇದು ಎಟಿಪಿಯನ್ನು ವ್ಯಯಿಸುತ್ತದೆ. ಈ ಭೇದವನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟಪಡಿಸಬೇಕು.

ಬಿಸಿಲೇರಿ ಪತ್ರರಂಧ್ರಗಳು ಮುಚ್ಚಿದಾಗ ತೊಗರಿಯ ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಕುಗ್ಗುತ್ತದೆ, ಆಮ್ಲಜನಕವು ಮೇಲುಗೈ ಪಡೆಯುತ್ತದೆ, ನಷ್ಟವೂ ಹೆಚ್ಚುತ್ತದೆ. ಜೋಳದ ಎಲೆಯಲ್ಲಿಯಾದರೋ ನಾಳಗಳನ್ನು ಸುತ್ತುವರಿದ ಜೀವಕೋಶಗಳಲ್ಲಿ ರುಬಿಸ್ಕೋ ಇರುತ್ತದೆ, ಇಂಗಾಲದ ಡೈಆಕ್ಸೈಡ್ ಅಲ್ಲಿಯೇ ಸಾಂದ್ರಗೊಳ್ಳುತ್ತದೆ. ಆಮ್ಲಜನಕಕ್ಕೆ ಅವಕಾಶ ವಿರಳ. ಈ ವ್ಯವಸ್ಥೆಗೂ ಹೆಚ್ಚುವರಿ ಎಟಿಪಿ ಬೇಕಾದ್ದರಿಂದ, ಅದರ ಲಾಭ ಬಿಸಿ ಹವೆಯಲ್ಲಿಯೇ ಅಧಿಕ.