ತಿಪಟೂರಿನ ಯಜಮಾನರಿಗೊಂದು ಸ್ಕೂಟರ್ ಜಾಹೀರಾತು

ಬೆಂಗಳೂರಿನ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಜಾಹೀರಾತನ್ನು ಸಣ್ಣ ಊರುಗಳಿಗೆ ಕಳಿಸುವಾಗ ಹೆಚ್ಚಿನವರು ಮಾಡುವುದು ಎರಡೇ ತಿದ್ದುಪಡಿ. ಹೆಲ್ಮೆಟ್ ಹಿಡಿದ ಹುಡುಗನ ಜಾಗಕ್ಕೆ ಬಿಳಿ ಪಂಚೆಯ ಹಿರಿಯರೊಬ್ಬರನ್ನು ತಂದು ನಿಲ್ಲಿಸುತ್ತಾರೆ. ‘ನಂಬಿಕೆ’, ‘ಭರವಸೆ’ ಎಂಬ ಮಾತುಗಳನ್ನು ಅಲ್ಲಲ್ಲಿ ಉದುರಿಸುತ್ತಾರೆ. ಓದಿದ ಯಜಮಾನರು ಕರಪತ್ರವನ್ನು ಮಡಚಿ ಜೇಬಿಗಿಟ್ಟು, ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋಗಿ ವಿಚಾರಿಸುತ್ತಾರೆ. ಅವರಿಗೆ ಬೇಕಿದ್ದ ಉತ್ತರ ಆ ಕರಪತ್ರದಲ್ಲಿ ಇರಲಿಲ್ಲ.

ಎಲೆಕ್ಟ್ರಿಕ್ ಸ್ಕೂಟರನ್ನೇ ತೆಗೆದುಕೊಳ್ಳೋಣ. ನಗರದ ಜಾಹೀರಾತು ಹೀಗಿದೆ ಎಂದಿಟ್ಟುಕೊಳ್ಳಿ: “ಪೆಟ್ರೋಲ್‌ಗೆ ಬೈ ಬೈ! ಸೊನ್ನೆಯಿಂದ 40ಕ್ಕೆ ಬರೀ 3.5 ಸೆಕೆಂಡ್. ಒಂದು ಚಾರ್ಜ್‌ಗೆ 125 ಕಿ.ಮೀ.* ಖರ್ಚು ನಿಲ್. ಆ್ಯಪ್‌ನಲ್ಲಿ ಬುಕ್ ಮಾಡು, ಮನೆಗೇ ಬರುತ್ತೆ.” ಕೋರಮಂಗಲದ ಹುಡುಗನಿಗೆ ಇಷ್ಟು ಸಾಕು. ಕೆಟ್ಟರೆ ಸರ್ವಿಸ್ ಸೆಂಟರ್ ಹತ್ತಿರದಲ್ಲೇ ಇದೆ, ಉಳಿದ ಮಾಹಿತಿಯನ್ನು ಅವನು ಮೊಬೈಲ್‌ನಲ್ಲೇ ಹುಡುಕಿಕೊಳ್ಳುತ್ತಾನೆ.

ಇದೇ ಜಾಹೀರಾತು ತಿಪಟೂರಿಗೆ ಹೋಗಲಿ. ಓದುವವರು ಕೊಬ್ಬರಿ ವ್ಯಾಪಾರದ, ಐವತ್ತೆಂಟರ ಯಜಮಾನರು. ಮನೆಯಿಂದ ಮಂಡಿಗೆ, ಮಂಡಿಯಿಂದ ಬ್ಯಾಂಕಿಗೆ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಾಟ. ಅವರ ಪ್ರಶ್ನೆಗಳು ನಾಲ್ಕು: ನಿಜಕ್ಕೂ ಎಷ್ಟು ದೂರ ಓಡುತ್ತದೆ? ಕರೆಂಟ್ ಬಿಲ್ ಎಷ್ಟು ಏರುತ್ತದೆ? ಬೆಂಕಿ ಹತ್ತಿಕೊಳ್ಳುತ್ತದಂತಲ್ಲ, ಹೌದೇ? ಕೆಟ್ಟು ನಿಂತರೆ ಯಾರ ಹತ್ತಿರ ಹೋಗುವುದು?

ಮೊದಲನೆಯದರಿಂದ ಶುರು ಮಾಡೋಣ. 125 ಕಿಲೋಮೀಟರ್ ಎಂಬುದು ಪರೀಕ್ಷಾ ಸಂಸ್ಥೆಯಲ್ಲಿ ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸಿ ಅಳೆದ ದೂರ. ರಸ್ತೆಯಲ್ಲಿ ದಿಬ್ಬವಿದೆ, ಗುಂಡಿಯಿದೆ, ಹಿಂದೆ ಇನ್ನೊಬ್ಬರು ಕೂತಿರುತ್ತಾರೆ. ಹಾಗಾಗಿ ಅಷ್ಟು ದೂರ ಸಿಗುವುದಿಲ್ಲ. ನಮ್ಮ ಸ್ಕೂಟರ್ ನಿತ್ಯದ ಓಡಾಟದಲ್ಲಿ 85ರಿಂದ 90 ಕೊಡುತ್ತದೆ ಎಂದುಕೊಳ್ಳಿ. ಹುಡುಗ ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾನೆ. ಯಜಮಾನರು ಮಾತ್ರ ಅಚ್ಚಾಗಿದ್ದನ್ನು ಮಾತು ಕೊಟ್ಟಂತೆ ಓದುತ್ತಾರೆ. ಮೊದಲ ವಾರವೇ 90ಕ್ಕೆ ಬ್ಯಾಟರಿ ಖಾಲಿಯಾದರೆ ಅವರ ಬಾಯಿಂದ ಇಡೀ ಮಂಡಿಗೆ ಸುದ್ದಿ ಹರಡುತ್ತದೆ. ಆದ್ದರಿಂದ ಬರೆಯಬೇಕಾದ್ದು ಹೀಗೆ: “ಊರೊಳಗಿನ ಓಡಾಟಕ್ಕೆ ಒಂದು ಚಾರ್ಜ್‌ಗೆ 85ರಿಂದ 90 ಕಿ.ಮೀ. ಪರೀಕ್ಷೆಯಲ್ಲಿ ಬಂದದ್ದು 125. ಇಬ್ಬರು ಕೂತರೆ, ವೇಗ ಹೆಚ್ಚಿಸಿದರೆ ಇನ್ನೂ ಕಡಿಮೆ. ತುಮಕೂರಿಗೆ ಹೋಗಬಹುದು, ವಾಪಸು ಬರಲು ಅಲ್ಲೇ ಚಾರ್ಜ್ ಮಾಡಿಕೊಳ್ಳಬೇಕು.” ತಿಪಟೂರಿನಿಂದ ತುಮಕೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರ್. ಆಗುವುದಿಲ್ಲ ಎಂಬುದನ್ನು ತಾನಾಗಿ ಹೇಳುವ ಈ ಕೊನೆಯ ಸಾಲೇ ಉಳಿದ ಸಾಲುಗಳನ್ನೂ ನಂಬುವಂತೆ ಮಾಡುತ್ತದೆ.

ನಕ್ಷತ್ರ ಚಿಹ್ನೆ ಹಾಕಿ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಷರತ್ತು ಹೇಳುವ ರೂಢಿಯನ್ನೂ ಬಿಡಬೇಕು. ದಾರಿತಪ್ಪಿಸುವ ಜಾಹೀರಾತುಗಳ ಕುರಿತು ಕೇಂದ್ರ ಸರ್ಕಾರ 2022ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮೇಲೆ ಕನ್ನಡದಲ್ಲಿ ಆಸೆ ತೋರಿಸಿ ಕೆಳಗೆ ಇಂಗ್ಲಿಷಿನಲ್ಲಿ ನುಣುಚಿಕೊಳ್ಳುವಂತಿಲ್ಲ.

ಎರಡನೆಯದು ಕರೆಂಟ್ ಬಿಲ್. ಇಲ್ಲಿ ‘ಖರ್ಚು ನಿಲ್’ ಎಂಬ ಮಾತು ಕರ್ನಾಟಕದಲ್ಲಿ ವಿಶೇಷವಾಗಿ ಅಪಾಯದ್ದು. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ನಮ್ಮ ಸ್ಕೂಟರಿನ ಬ್ಯಾಟರಿ ತುಂಬಲು, ಚಾರ್ಜರಿನಲ್ಲಿ ಸೋರುವುದೂ ಸೇರಿ, ಮೂರೂವರೆ ಯೂನಿಟ್ ಬೇಕು ಎಂದುಕೊಳ್ಳೋಣ. ದಿನಕ್ಕೆ 20 ಕಿಲೋಮೀಟರಿನಂತೆ 25 ದಿನ ಓಡಿದರೆ ತಿಂಗಳಿಗೆ 500 ಕಿಲೋಮೀಟರ್. ಅಂದರೆ ಸುಮಾರು 20 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ 120 ರೂಪಾಯಿ. ಪೆಟ್ರೋಲಿಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಈಗಾಗಲೇ 185 ಯೂನಿಟ್ ಬಳಸುವ ಮನೆಗೆ ಈ 20 ಸೇರಿದರೆ 205 ಆಗಿ ಇಡೀ ಬಿಲ್ ಕೈಗೆ ಬರುತ್ತದೆ. ಉಚಿತ ಎಂದು ಓದಿದ ಯಜಮಾನರಿಗೆ ಆಗ ಸಿಟ್ಟು ಬರುವುದು ಬೆಸ್ಕಾಂ ಮೇಲಲ್ಲ, ಸ್ಕೂಟರ್ ಮಾರಿದವರ ಮೇಲೆ. ಆದ್ದರಿಂದ “ತಿಂಗಳಿಗೆ ಸುಮಾರು 20 ಯೂನಿಟ್ ಹೆಚ್ಚುತ್ತದೆ. ನಿಮ್ಮ ಬಿಲ್ ತಂದು ತೋರಿಸಿ, ಗೃಹಜ್ಯೋತಿ ಲೆಕ್ಕ ನಾವೇ ಹಾಕಿಕೊಡುತ್ತೇವೆ” ಎಂದು ಬರೆಯಬೇಕು. ಅಂಗಡಿಗೆ ಬರಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ.

ಬೆಂಕಿಯ ಮಾತನ್ನು ಬರೆಯುವವರು ಎತ್ತಲೇ ಹೆದರುತ್ತಾರೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ವೀಡಿಯೊಗಳನ್ನು ಎಲ್ಲರೂ ವಾಟ್ಸ್ಯಾಪ್‌ನಲ್ಲಿ ನೋಡಿದ್ದಾರೆ. ‘ನೂರಕ್ಕೆ ನೂರು ಸುರಕ್ಷಿತ’ ಎಂದರೆ ಆ ವೀಡಿಯೊ ನೆನಪಾಗುತ್ತದೆಯೇ ಹೊರತು ಭಯ ಹೋಗುವುದಿಲ್ಲ. ಆ ಘಟನೆಗಳ ನಂತರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ಸ್ಕೂಟರ್ ಆ ಪರೀಕ್ಷೆ ದಾಟಿದೆ ಎಂದು ಒಂದು ಸಾಲಿನಲ್ಲಿ ಹೇಳಿ, ಮನೆಯವರು ಮಾಡಬೇಕಾದ್ದನ್ನೂ ಹೇಳಿ: ಅರ್ತಿಂಗ್ ಇರುವ ಪಾಯಿಂಟ್‌ನಲ್ಲೇ ಚಾರ್ಜ್ ಮಾಡಿ, ಎಕ್ಸ್‌ಟೆನ್ಷನ್ ವೈರ್ ಬೇಡ, ಕಂಪನಿಯ ಚಾರ್ಜರನ್ನೇ ಬಳಸಿ. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿರುವುದಿಲ್ಲ. ಮಾರುವ ಮೊದಲು ಎಲೆಕ್ಟ್ರಿಷಿಯನ್ ಬಂದು ನೋಡುತ್ತಾನೆ ಎಂಬ ಸಾಲು ಪ್ರಮಾಣಪತ್ರದ ಚಿತ್ರಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ.

ನಾಲ್ಕನೆಯದಕ್ಕೆ ಉತ್ತರ ವಿಳಾಸವೇ. ‘ದೇಶಾದ್ಯಂತ ಸೇವಾ ಜಾಲ’ ಎಂದರೆ ತಿಪಟೂರಿನಲ್ಲಿ ಏನೂ ಇಲ್ಲ ಎಂದೇ ಅರ್ಥ. ಯಾವ ರಸ್ತೆ, ಯಾವ ಅಂಗಡಿ, ಮನುಷ್ಯರು ಎತ್ತುವ ಫೋನ್ ನಂಬರ್ ಯಾವುದು, ವಾರಂಟಿ ಎಷ್ಟು ವರ್ಷ, ಅದು ಮುಗಿದ ಮೇಲೆ ಬ್ಯಾಟರಿಗೆ ಇವತ್ತಿನ ದರ ಎಷ್ಟು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು. ಆ್ಯಪ್ ಇರಲಿ, ಆದರೆ ಅದೊಂದೇ ಬಾಗಿಲಾಗಬಾರದು.

ಇಷ್ಟೆಲ್ಲ ಸೇರಿಸಿದರೆ ಹುಡುಗರು ಓದುವುದಿಲ್ಲವಲ್ಲ ಎಂದು ಕೇಳಬಹುದು. ತಲೆಬರಹವೂ ವೇಗದ ಸಾಲೂ ಮೇಲೆ ಹಾಗೇ ಇರಲಿ. ‘ಮಾಡು’ ಎಂಬುದು ‘ಮಾಡಿ’ ಆದರೆ ಯಾವ ಹುಡುಗನೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕು ಉತ್ತರಗಳು ಅದರ ಕೆಳಗೆ ಬರಲಿ. ಹಣ ಕೊಡುವವರು ಅಪ್ಪನೇ ಆಗಿರುವ ಮನೆಗಳಲ್ಲಿ ಮಗ ಮೇಲಿನ ಅರ್ಧ ಓದುತ್ತಾನೆ, ಅಪ್ಪ ಕೆಳಗಿನ ಅರ್ಧ. ‘ಹಿರಿಯ ನಾಗರಿಕರಿಗಾಗಿ’ ಎಂಬ ಪಟ್ಟಿ ಮಾತ್ರ ಹಚ್ಚಬೇಡಿ. ಐವತ್ತೆಂಟರವರು ತಮ್ಮನ್ನು ಮುದುಕರೆಂದುಕೊಂಡಿರುವುದಿಲ್ಲ, ಮಗನಿಗೂ ಆ ಗಾಡಿ ಬೇಡವಾಗುತ್ತದೆ.

ಬರೆದದ್ದು ಕೆಲಸ ಮಾಡುತ್ತಿದೆಯೇ ಎಂದು ಅಂಗಡಿಯಲ್ಲಿ ನಿಂತರೆ ತಿಳಿಯುತ್ತದೆ. ಕರಪತ್ರ ಕೈಯಲ್ಲಿ ಹಿಡಿದವರು “ಎಷ್ಟು ಓಡ್ತದೆ? ಕೆಟ್ಟರೆ ಯಾರು ನೋಡ್ತಾರೆ?” ಎಂದು ಕೇಳುತ್ತಿದ್ದರೆ ಬರಹ ಸೋತಿದೆ. “ಬಿಳಿ ಬಣ್ಣದ್ದು ಇದೆಯಾ?” ಎಂದು ಕೇಳಿದರೆ ಗೆದ್ದಿದೆ. ಮತ್ತೊಂದು ಮಾತು: ಕರಪತ್ರದಲ್ಲಿ ಹಾಕಲು ಆ ಊರಿನ ಸರ್ವಿಸ್ ವಿಳಾಸವೇ ಇಲ್ಲದಿದ್ದರೆ ಜಾಹೀರಾತು ತಿದ್ದುವ ಕೆಲಸ ಬಿಡಿ. ಮೊದಲು ಅಲ್ಲೊಬ್ಬ ಮೆಕ್ಯಾನಿಕ್‌ನನ್ನು ನೇಮಿಸಿ, ಆಮೇಲೆ ಬರೆಯಿರಿ.